‘ನಿರ್ಲಕ್ಷ್ಯ’ ಅಂತ ಬರೆಯೋದು ಸುಲಭ, ತಾರೀಖು ಬರೆಯೋದು ಕಷ್ಟ

ಹೋದ ವಾರ ನನ್ನ ಟೇಬಲ್ಲಿಗೆ ಒಂದು ಕೆಲಸ ಬಂತು ಗೆಳೆಯರೇ. ನಮ್ಮ ಅಕೌಂಟ್ಸ್ ವಿಭಾಗದ ಹುಡುಗನೊಬ್ಬನಿಗೆ ‘ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲ್ಯಾನ್’ ಪತ್ರ ಕೊಡಬೇಕು, ಟೈಪ್ ಮಾಡಿ ಅಂತ. ಮ್ಯಾನೇಜರ್ ಕೈಬರಹದ ಕರಡಿನಲ್ಲಿ ಇದ್ದದ್ದು ಇಷ್ಟು: ‘ನೀವು ಪದೇ ಪದೇ ವಿಳಂಬ ಮಾಡುತ್ತಿದ್ದೀರಿ. ನಿಮ್ಮ ನಿರ್ಲಕ್ಷ್ಯ ಧೋರಣೆ ಸಹಿಸಲಾಗದು. 30 ದಿನದಲ್ಲಿ ಸುಧಾರಿಸದಿದ್ದರೆ ಸೂಕ್ತ ಕ್ರಮ ಜರುಗಿಸಲಾಗುವುದು.’

ಓದ್ತಾ ಓದ್ತಾ ಕೈ ನಿಂತುಬಿಟ್ಟಿತು. ಹದಿನೈದು ವರ್ಷದ ಹಿಂದೆ ಬೇರೊಂದು ಆಫೀಸಿನಲ್ಲಿ ನನಗೂ ಇಂಥದ್ದೇ ಮೆಮೋ ಕೊಟ್ಟಿದ್ರು. ‘ಕರ್ತವ್ಯದಲ್ಲಿ ಆಸಕ್ತಿಯ ಕೊರತೆ’ ಅಂತ. ಯಾವ ಕೆಲಸ, ಯಾವ ದಿನ, ಏನೂ ಇರಲಿಲ್ಲ. ಮೂರು ರಾತ್ರಿ ಕೂತರೂ ಉತ್ತರ ಬರೆಯೋಕೆ ಆಗಲಿಲ್ಲ. 10ನೇ ತಾರೀಖು ತಡ ಮಾಡಿದೆ ಅಂದ್ರೆ ಹೌದು ಅನ್ನಬಹುದು, ಇಲ್ಲ ಅನ್ನಬಹುದು. ಆಸಕ್ತಿ ಇಲ್ಲ ಅಂದ್ರೆ ಏನಂತ ಉತ್ತರ ಕೊಡೋದು? ನಮ್ಮ ಕೇರಿಯಿಂದ ಬಂದವರ ಬಗ್ಗೆ ಆ ಮಾತು ನಾವು ಬಾಗಿಲು ದಾಟೋ ಮೊದಲೇ ತಯಾರಾಗಿ ಕೂತಿರುತ್ತೆ.

ಹಾಗಂತ ಈ ಹುಡುಗ ತಡ ಮಾಡ್ತಿದ್ದದ್ದು ಸುಳ್ಳಲ್ಲ. ಹಿಂದಿನ ತಿಂಗಳ ಮಾರಾಟದ ಪಟ್ಟಿಯನ್ನು ಅವನು 5ನೇ ತಾರೀಖಿಗೆ ಕೊಡಬೇಕು. 11ಕ್ಕೆ ಜಿಎಸ್‌ಟಿಆರ್-1 ಸಲ್ಲಿಸಲು ಕಡೇ ದಿನ. ನಾನು ಕರಡು ಪಕ್ಕಕ್ಕಿಟ್ಟು ಐದು ತಿಂಗಳ ಮೇಲ್ ತೆಗೆದು ತಾರೀಖು ಬರೆದೆ: 8, 5, 9, 10, 12. ಕೊನೇ ಸಲ ರಿಟರ್ನ್ ಎರಡು ದಿನ ತಡವಾಗಿ, ದಿನಕ್ಕೆ 50 ರೂಪಾಯಿಯಂತೆ 100 ರೂಪಾಯಿ ಲೇಟ್ ಫೀ ಕಟ್ಟಿದ್ವಿ. ದುಡ್ಡು ದೊಡ್ಡದಲ್ಲ, ಆದ್ರೆ ನಮ್ಮ ಬಿಲ್ಲು ಸಮಯಕ್ಕೆ ಕಾಣದೆ ಗಿರಾಕಿಗಳು ಫೋನ್ ಮಾಡಿ ಬೈದರು.

ತಾರೀಖು ಬರೆದಾಗಲೇ ಇನ್ನೊಂದು ವಿಷಯ ಹೊರಗೆ ಬಂತು. 8 ಮತ್ತು 9ನೇ ತಾರೀಖಿಗೆ ಕೊಟ್ಟ ಎರಡು ತಿಂಗಳಲ್ಲಿ ಶಾಖೆಯ ಬಿಲ್ಲುಗಳೇ ಬಂದದ್ದು 7ಕ್ಕೆ. ಅದು ಅವನ ತಪ್ಪಲ್ಲ. 10 ಮತ್ತು 12 ಅವನದೇ. ಯಾಕೆ ಅಂತ ಕೇಳಿದೆ. ‘ಅಕ್ಕ, ತಿಂಗಳ ಬಿಲ್ಲೆಲ್ಲ ಒಟ್ಟಿಗೆ 1ನೇ ತಾರೀಖು ಶುರು ಮಾಡ್ತೀನಿ. ಗಿರಾಕಿ ಜಿಎಸ್‌ಟಿ ನಂಬರ್ ತಪ್ಪಿದ್ರೆ ಮತ್ತೆ ಮೊದಲಿಂದ’ ಅಂದ. ಯಾರನ್ನಾದ್ರೂ ಕೇಳಿದ್ಯಾ ಅಂದೆ. ಇಲ್ಲ ಅಂತ ತಲೆ ಆಡಿಸಿದ. ಕೇಳಿದ್ರೆ ಗೊತ್ತಿಲ್ಲ ಅಂತಾರೆ ಅನ್ನೋ ಭಯ. ಆ ಭಯ ನನಗೆ ಚೆನ್ನಾಗಿ ಗೊತ್ತು.

ಹೊಸ ಪತ್ರದಲ್ಲಿ ‘ನಿರ್ಲಕ್ಷ್ಯ’ ತೆಗೆದೆ. ನಾಲ್ಕು ತಡದ ತಾರೀಖು ಹಾಕಿ, ಎರಡಕ್ಕೆ ಶಾಖೆ ಕಾರಣ, ಎರಡು ಮಾತ್ರ ನಿಮ್ಮ ಲೆಕ್ಕಕ್ಕೆ ಅಂತ ಬರೆದೆ. ಇನ್ನು ಮುಂದೆ ಪ್ರತಿ ಶನಿವಾರ ಆ ವಾರದ ಬಿಲ್ಲು ನಮೂದಿಸಬೇಕು, ಶಾಖೆ 2ನೇ ತಾರೀಖಿನೊಳಗೆ ಬಿಲ್ಲು ಕಳಿಸಬೇಕು, ಪ್ರತಿ ಸೋಮವಾರ ಹಿರಿಯ ಅಕೌಂಟೆಂಟ್ ಅರ್ಧ ಗಂಟೆ ಜೊತೆಗೆ ಕೂತು ನಂಬರ್ ತಪ್ಪು ನೋಡಬೇಕು. ಅವಧಿಯನ್ನೂ ಬದಲಿಸಿದೆ. ತಿಂಗಳಿಗೊಮ್ಮೆ ಬರೋ ಕೆಲಸಕ್ಕೆ 30 ದಿನ ಕೊಟ್ರೆ ಸಿಗೋದು ಒಂದೇ ಅವಕಾಶ, ಅವತ್ತು ಜ್ವರ ಬಂದ್ರೆ ಮುಗೀತು. ಮೂರು ತಿಂಗಳು ಅಂದ್ರೆ ಮೂರು ಸಲ ತೋರಿಸಬಹುದು.

‘ಸೂಕ್ತ ಕ್ರಮ’ ಅನ್ನೋದನ್ನೂ ಬಿಡಿಸಿ ಬರೆದೆ: ಮೂರರಲ್ಲಿ ಎರಡು ಸಲ ತಪ್ಪಿದರೆ, ನಿಮ್ಮ ಮಾತು ಕೇಳಿದ ಮೇಲೆ, ಕೆಲಸ ಬದಲಾಗಬಹುದು ಅಥವಾ ನೌಕರಿ ಹೋಗಬಹುದು. ಕಠಿಣ ಅನಿಸುತ್ತೆ. ಆದ್ರೆ ನೌಕರಿ ಹೋಗೋ ಅಪಾಯ ಇದ್ದಾಗ ಅದನ್ನ ಮುಚ್ಚಿಡೋದು ದಯೆ ಅಲ್ಲ. ಸಹಿಯ ಜಾಗದಲ್ಲಿ ‘ಒಪ್ಪಿದ್ದೇನೆ’ ಬದಲು ‘ಪತ್ರ ತಲುಪಿದೆ’ ಅಂತ ಮಾಡಿದೆ, ಅವನ ಹೇಳಿಕೆಗೆ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟೆ. ಪತ್ರ ಕನ್ನಡದಲ್ಲೇ.

ಮ್ಯಾನೇಜರ್ ಓದಿ, ‘ಇಷ್ಟೆಲ್ಲ ಬರೆದ್ರೆ ನಾಳೆ ಅವನೇ ಇದನ್ನ ಹಿಡ್ಕೊಂಡು ನಿಲ್ತಾನೆ ಮೇಡಂ’ ಅಂದ್ರು. ‘ನಿಲ್ಲಲಿ ಸರ್, ಅವನು ತಪ್ಪಿದ್ರೆ ನಾವೂ ಇದನ್ನೇ ಹಿಡ್ಕೊಂಡು ನಿಲ್ಬಹುದು’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದ್ರು. ಸಂಘದ ಗೆಳೆಯರೊಬ್ಬರು ‘ನೀನು ಮ್ಯಾನೇಜ್‌ಮೆಂಟ್ ಪತ್ರ ಬರೀತೀಯಾ?’ ಅಂತ ಕೇಳಿದ್ರು. ನಾನು ಬರೆಯದಿದ್ರೆ ಆ ಕರಡೇ ಹೋಗ್ತಿತ್ತು.

ಹುಡುಗ ಎರಡು ಸಲ ಓದಿದ. ‘ಅಕ್ಕ, ಶಾಖೆಯವರು 2ಕ್ಕೆ ಕಳಿಸದಿದ್ರೆ?’ ಅಂದ. ನನಗೆ ಹೊಳೆದಿರಲಿಲ್ಲ. ಮ್ಯಾನೇಜರ್ ಹತ್ರ ಹೋಗಿ, ‘ಬಿಲ್ಲು ತಡವಾದರೆ, ಬಂದ ದಿನದಿಂದ ಮೂರು ದಿನ’ ಅಂತ ಪೆನ್ನಲ್ಲಿ ಸೇರಿಸಿಸಿದೆ. ಆಮೇಲೆ ಅವನು ಸಹಿ ಹಾಕಿದ.