ತಪ್ಪಿನ ಪಟ್ಟಿಯ ಆರು ವಾರ

ಕಂಪ್ಲಿ, ಹೊಸಪೇಟೆಯ ಕಡೆಯ ಮಕ್ಕಳಿಗೆ ಕನ್ನಡ ಪ್ರಬಂಧ ಬರೆಸುವವರೆಲ್ಲ ಒಂದು ವಾಕ್ಯವನ್ನು ಮತ್ತೆ ಮತ್ತೆ ನೋಡಿರುತ್ತಾರೆ: ‘ನಮ್ಮ ಅಕ್ಕ ಊರಿಂದ ಬಂತು.’ ಅದರ ಕೆಳಗೆ ಕೆಂಪು ಗೆರೆ ಬೀಳುತ್ತದೆ, ಮೇಲೆ ‘ಬಂದಳು’ ಎಂದು ತಿದ್ದುತ್ತೇವೆ. ಮುಂದಿನ ವಾರ ಅತ್ತೆ ಬರುತ್ತದೆ, ಚಿಕ್ಕಮ್ಮ ಹೋಗುತ್ತದೆ.

ಈ ವಾಕ್ಯ ಅಜಾಗರೂಕತೆಯಿಂದ ಹುಟ್ಟಿದ್ದಲ್ಲ. ತೆಲುಗಿನಲ್ಲಿ ‘ನಾನ್ನ ವಚ್ಚಾಡು’ ಎಂದರೆ ಅಪ್ಪ ಬಂದ. ಆದರೆ ‘ಅಮ್ಮ ವಚ್ಚಿಂದಿ’, ‘ಬಸ್ಸು ವಚ್ಚಿಂದಿ’ ಎರಡಕ್ಕೂ ಕ್ರಿಯಾಪದ ಒಂದೇ. ಏಕವಚನದಲ್ಲಿ ಗಂಡಸರು ಒಂದು ಕಡೆ, ಉಳಿದವರೂ ಉಳಿದದ್ದೂ ಇನ್ನೊಂದು ಕಡೆ. ಬಹುವಚನಕ್ಕೆ ಬಂದರೆ ಹೆಂಗಸರು ಗಂಡಸರ ಜೊತೆ ಸೇರಿ ‘ವಚ್ಚಾರು’ ಆಗುತ್ತಾರೆ. ಕನ್ನಡವೋ ಏಕವಚನದಲ್ಲೇ ಬಂದನು, ಬಂದಳು, ಬಂದಿತು ಎಂದು ಮೂರು ಪಾಲು ಮಾಡುತ್ತದೆ. ಮನೆಯಲ್ಲಿ ತೆಲುಗಾಡುವ ಮಗು ‘ಅಕ್ಕ ಬಂತು’ ಎಂದು ಬರೆದಾಗ ಅದು ನಿಯಮ ಮರೆತಿರುವುದಿಲ್ಲ; ಇನ್ನೊಂದು ಭಾಷೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿರುತ್ತದೆ. ಹಾಗಾಗಿಯೇ ಕೆಂಪು ಗೆರೆಗೆ ಇದು ಬಗ್ಗುವುದಿಲ್ಲ.

1967ರಲ್ಲಿ ಪಿಟ್ ಕಾರ್ಡರ್ ಎಂಬ ಭಾಷಾವಿಜ್ಞಾನಿ ಕಲಿಯುವವರ ತಪ್ಪುಗಳನ್ನು ಎರಡು ಬಗೆಯಾಗಿ ನೋಡಬೇಕು ಎಂದ. ಒಂದು, ದಣಿವಿನಿಂದಲೋ ಅವಸರದಿಂದಲೋ ಕೈ ಜಾರಿದ್ದು. ಬರೆದವರೇ ಮತ್ತೊಮ್ಮೆ ಓದಿದರೆ ತಿದ್ದಿಕೊಳ್ಳುತ್ತಾರೆ. ಇನ್ನೊಂದು, ಒಳಗಿರುವ ನಿಯಮದಿಂದಲೇ ಬಂದದ್ದು; ಎಷ್ಟು ಸಲ ಓದಿದರೂ ಬರೆದವರ ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ. ತಪ್ಪಿನ ಪಟ್ಟಿ ಇಡಬೇಕಾದ್ದು ಎರಡನೆಯದಕ್ಕೆ ಮಾತ್ರ. ಜಾರಿದ್ದನ್ನೆಲ್ಲ ಬರೆದರೆ ಎರಡೇ ವಾರದಲ್ಲಿ ಪುಸ್ತಕ ತುಂಬುತ್ತದೆ, ಮೂರನೇ ವಾರ ಯಾರೂ ಅದನ್ನು ತೆರೆಯುವುದಿಲ್ಲ.

ಕಂಪ್ಲಿ ಕಡೆಯ ಒಬ್ಬ ಪದವಿ ವಿದ್ಯಾರ್ಥಿನಿಯ ಪಟ್ಟಿಯನ್ನು ನಾನು ಆರು ವಾರ ಹತ್ತಿರದಿಂದ ನೋಡಿದೆ. ತನ್ನ ಅಜ್ಜಿಯ ಬಗ್ಗೆ ಬರೆಯಬೇಕೆಂಬುದು ಅವಳ ಆಸೆ. ಹಿಂದೆ ಓದಿದ ಕಡೆ ಅವಳ ವಾಕ್ಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ನಕ್ಕಿದ್ದರಂತೆ. ಆಮೇಲೆ ಅವಳು ಹೆಂಗಸರ ಬಗ್ಗೆ ಬರೆಯುವುದನ್ನೇ ಬಿಟ್ಟಿದ್ದಳು. ‘ಸರ್, ಮನೇಲಿ ನಾವು ಹಂಗೇ ಅನ್ನೋದು’ ಎಂದಳು. ‘ಅದನ್ನೂ ಬರಕೋ’ ಎಂದೆ.

ಪಟ್ಟಿಗೆ ದೊಡ್ಡ ಏರ್ಪಾಡೇನೂ ಇರಲಿಲ್ಲ. ಇನ್ನೂರು ಪುಟದ ನೋಟುಬುಕ್ಕು, ಒಂದು ಬಗೆಯ ತಪ್ಪಿಗೆ ಒಂದು ಪುಟ. ಪುಟದ ತಲೆಯಲ್ಲಿ ಪದವನ್ನಲ್ಲ, ನಿಯಮವನ್ನು ಬರೆಯಬೇಕು. ‘ಅಕ್ಕ ಬಂತು’ ಎಂದು ಬರೆದರೆ ಅಕ್ಕ ಮಾತ್ರ ಸರಿಹೋಗುತ್ತಾಳೆ, ಅತ್ತೆ ಹಾಗೇ ಉಳಿಯುತ್ತಾಳೆ. ಅವಳು ಬರೆದದ್ದು ‘ಒಬ್ಬ ಹೆಂಗಸು ಕರ್ತೃವಾದಾಗ ಕ್ರಿಯಾಪದ’ ಎಂದು. ಕೆಳಗೆ ಐದು ಕಲಮು: ವಾರ, ಬರೆದದ್ದು, ಬರೆಯಬೇಕಾದ್ದು, ಅವಕಾಶ ಎಷ್ಟು, ಸರಿ ಎಷ್ಟು. ವಾರದಲ್ಲಿ ಎರಡು ಪುಟ ಬರಹ. ಭಾನುವಾರ ಬೆಳಿಗ್ಗೆ ಅದನ್ನು ಮುಂದಿಟ್ಟುಕೊಂಡು ಒಬ್ಬ ಹೆಂಗಸೇ ಕರ್ತೃವಾಗಿರುವ ಜಾಗಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕುವುದು, ಎಣಿಸುವುದು. ಆಮೇಲೆ ಹಳೆಯದನ್ನು ಮುಚ್ಚಿಟ್ಟು ಅದೇ ನಿಯಮಕ್ಕೆ ಮೂರು ಹೊಸ ವಾಕ್ಯ ಬರೆಯುವುದು. ಹಳೆಯ ತಪ್ಪನ್ನು ಬರೀ ಓದುತ್ತ ಕುಳಿತರೆ ಗುರುತು ಹತ್ತುವುದು ತಪ್ಪು ವಾಕ್ಯದ್ದೇ.

ಮೊದಲ ವಾರ ಒಂಬತ್ತು ಅವಕಾಶ, ಐದು ಸರಿ. ಎರಡನೇ ವಾರ ಏಳರಲ್ಲಿ ಐದು. ಮೂರನೇ ವಾರ ತಪ್ಪೇ ಇರಲಿಲ್ಲ. ಅವಳು ಆ ಪುಟಕ್ಕೆ ಅಡ್ಡಗೆರೆ ಎಳೆಯಲು ಹೊರಟಳು.

ಅವಕಾಶದ ಕಲಮು ಕೆಲಸಕ್ಕೆ ಬಂದದ್ದು ಆಗ. ಅಲ್ಲಿದ್ದ ಅಂಕಿ ಒಂದೇ ಒಂದು. ಎರಡು ಪುಟ ಪೂರ್ತಿ ಅಜ್ಜಿಯ ಬಗ್ಗೆ ಇದ್ದವು. ಆದರೆ ಎಲ್ಲ ಕಡೆಯೂ ‘ಅಜ್ಜಿಯವರು ಹೋದರು’, ‘ಅಜ್ಜಿಯವರು ಬೈದರು’. ಗೌರವದ ಬಹುವಚನ ಎರಡೂ ಭಾಷೆಗಳಲ್ಲಿ ಒಂದೇ ದಾರಿ ಹಿಡಿಯುತ್ತದಲ್ಲ, ಅಲ್ಲಿ ಬೀಳುವ ಭಯವಿಲ್ಲ. ತಪ್ಪು ಹೋಗಿರಲಿಲ್ಲ, ಅವಳು ಆ ಬೀದಿಗೇ ಹೋಗಿರಲಿಲ್ಲ. 1974ರಲ್ಲಿ ಜಾಕ್ವೆಲಿನ್ ಶಾಕ್ಟರ್ ತಪ್ಪುಗಳನ್ನಷ್ಟೇ ಎಣಿಸುವವರ ಬಗ್ಗೆ ಎತ್ತಿದ ಆಕ್ಷೇಪ ಇದೇ: ಕಷ್ಟವಾದ ರಚನೆಯನ್ನು ಕಲಿಯುವವರು ಬಳಸದೆಯೇ ತಪ್ಪಿಸಿಕೊಳ್ಳಬಹುದು, ಆಗ ಎಣಿಕೆ ಸುಳ್ಳು ಹೇಳುತ್ತದೆ. ಇದರಲ್ಲಿ ವ್ಯಾಕರಣದಾಚೆಗೂ ಒಂದು ನಷ್ಟವಿತ್ತು. ಸಂತೆಯಲ್ಲಿ ಕುಳಿತು ಮೆಣಸಿನಕಾಯಿಗೆ ಜಗಳವಾಡುವ ಅಜ್ಜಿ ಹಾಳೆಯ ಮೇಲೆ ಸಭೆಯ ಮುಖ್ಯ ಅತಿಥಿಯಂತಾಗಿದ್ದಳು.

ನಾಲ್ಕನೇ ವಾರ ತಂಗಿಯ ಬಗ್ಗೆ ಬರೆ ಎಂದೆ. ತಂಗಿಗೆ ಯಾರೂ ‘ಅವರು’ ಎನ್ನುವುದಿಲ್ಲ. ಹನ್ನೊಂದು ಅವಕಾಶ, ಎಂಟು ಸರಿ. ತಪ್ಪಿದ ಮೂರನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದಾಗ ಮೂರರದೂ ಒಂದೇ ಚಹರೆ: ‘ತಂಗಿ ಸ್ಕೂಲಿನ ಬಸ್ಸು ತಡವಾದದ್ದರಿಂದ ಸೇತುವೆಯ ತನಕ ನಡೆದೇ ಹೋಯಿತು.’ ಕರ್ತೃ ಒಂದು ತುದಿಗೆ, ಕ್ರಿಯಾಪದ ಇನ್ನೊಂದು ತುದಿಗೆ, ನಡುವೆ ಬಸ್ಸು. ಚಿಕ್ಕ ವಾಕ್ಯಗಳಲ್ಲಿ ಅವಳು ಗೆದ್ದಾಗಿತ್ತು, ಉದ್ದ ವಾಕ್ಯಗಳಲ್ಲಿ ಹಳೆಯ ನಿಯಮ ಮರಳುತ್ತಿತ್ತು. ಆ ವಾರದಿಂದ ಪ್ರತಿ ವಾಕ್ಯದ ಕೊನೆಯ ಕ್ರಿಯಾಪದದ ಬಳಿ ನಿಂತು ‘ಯಾರು?’ ಎಂದು ಕೇಳಿಕೊಂಡು ಹಿಂದಕ್ಕೆ ಹೋಗುವುದು ಭಾನುವಾರದ ಕೆಲಸಕ್ಕೆ ಸೇರಿತು.

ತೆಲುಗಿನ ಸಂಪರ್ಕವೇ ಇಲ್ಲದ ಮಕ್ಕಳಿಗೂ ಈ ಪ್ರಶ್ನೆ ಬೇಕು. ‘ಹಂಪಿಯ ದೇವಾಲಯಗಳ ಶಿಲ್ಪಕಲೆ ಪ್ರವಾಸಿಗರನ್ನು ಸೆಳೆಯುತ್ತವೆ’, ‘ಸಂಡೂರಿನ ಗಣಿಗಳ ಧೂಳು ಮನೆಗಳ ಮೇಲೆ ಕೂರುತ್ತವೆ’ ಎಂದು ಬರೆಯುವವರು ಬಹಳ. ಸೆಳೆಯುವುದು ಶಿಲ್ಪಕಲೆ, ಕೂರುವುದು ಧೂಳು, ಎರಡೂ ಏಕವಚನ. ಹತ್ತಿರದಲ್ಲಿ ಕಂಡ ‘ಗಳು’ ಕ್ರಿಯಾಪದವನ್ನು ತನ್ನ ಕಡೆಗೆ ಎಳೆದುಕೊಂಡಿರುತ್ತದೆ. ಮೇಲ್ನೋಟಕ್ಕೆ ಬೇರೆ ತಪ್ಪು, ಕಾರಣ ಮಾತ್ರ ಆ ತಂಗಿಯ ವಾಕ್ಯದ್ದೇ: ಬರೆಯುವ ಹೊತ್ತಿಗೆ ಕರ್ತೃ ಮರೆತುಹೋಗಿದೆ.

ಐದನೇ ವಾರ ಹೊಸ ಪೇಚು. ‘ಹೆಣ್ಣುಮಗು ನಕ್ಕಳು’, ‘ಎಮ್ಮೆ ಹಾಲು ಕೊಟ್ಟಳು.’ ತಿದ್ದುವ ಉತ್ಸಾಹ ಗಡಿ ದಾಟಿತ್ತು. ಇದು ಹಿನ್ನಡೆಯಲ್ಲ, ಹೊಸ ನಿಯಮ ಒಳಗಿಳಿದು ತನ್ನ ಅಳತೆಯನ್ನು ಹುಡುಕುತ್ತಿದೆ ಎಂಬುದರ ಗುರುತು. ಪುಟದ ತಲೆಬರಹಕ್ಕೆ ಒಂದು ಸಾಲು ಕೂಡಿಸಿದಳು: ‘ಮಗು, ಕೂಸು, ಪ್ರಾಣಿ: ನಪುಂಸಕವೇ.’ ಆರನೇ ವಾರ ಹತ್ತಕ್ಕೆ ಹತ್ತು. ಆದರೂ ಪುಟ ಮುಚ್ಚಲಿಲ್ಲ. ಸಾಕಷ್ಟು ಅವಕಾಶಗಳಿದ್ದು ಮೂರು ವಾರ ಸತತ ಪೂರ್ತಿ ಬಂದರೆ ಮುಚ್ಚುವುದು, ತಿಂಗಳ ಬಳಿಕ ಮತ್ತೊಮ್ಮೆ ತೆರೆದು ನೋಡುವುದು ಎಂದು ಮೊದಲೇ ಮಾತಾಗಿತ್ತು.

ಈ ಪಟ್ಟಿಗೆ ನಿಲುಕದ್ದೂ ಒಂದಿದೆ. ಯಾವುದು ತಪ್ಪು ಎಂಬುದನ್ನು ಅದು ತಾನಾಗಿ ಹೇಳಲಾರದು. ಅಜ್ಜಿಯ ಪ್ರಬಂಧದ ಒಂದು ಕಡೆ ಅಜ್ಜಿಯೇ ಮಾತಾಡುತ್ತಾಳೆ: ‘ನಿಮ್ಮ ಅತ್ತೆ ಬಂತು, ನೀರು ಕೊಡು.’ ವಿದ್ಯಾರ್ಥಿನಿ ಅದಕ್ಕೂ ಸುತ್ತು ಹಾಕಿ, ಸ್ವಲ್ಪ ಹೊತ್ತು ಪೆನ್ಸಿಲು ಹಿಡಿದು ಕುಳಿತು, ಆ ಸುತ್ತನ್ನು ಅಳಿಸಿದಳು. ಕಲಮಿನ ಪಕ್ಕದ ಖಾಲಿ ಜಾಗದಲ್ಲಿ ‘ಅಜ್ಜಿಯ ಮಾತು, ಇರಲಿ’ ಎಂದು ಬರೆದುಕೊಂಡಳು. ಅದರ ಕೆಳಗಿನ ಸಾಲು ಅವಳ ಸ್ವಂತದ್ದು: ‘ಅತ್ತೆ ಒಳಗೆ ಬಂದಳು.’