ಹಾಜರಿ ಪುಸ್ತಕದಿಂದ ಉದ್ದೇಶ ಹೇಳಿಕೆಗೆ

ಅಭಿವೃದ್ಧಿ ಅಧ್ಯಯನ ಎಂ.ಎ.ಗೆ ಅರ್ಜಿ ಹಾಕುವವರು ಅಂಕಪಟ್ಟಿಯ ಜೊತೆಗೆ ಒಂದು ಉದ್ದೇಶ ಹೇಳಿಕೆ ಬರೆದು ಕೊಡಬೇಕು. ಈ ಕೋರ್ಸನ್ನೇ ಏಕೆ ಓದಬೇಕೆಂದಿದ್ದೀರಿ ಎಂಬುದು ಅದರ ತಿರುಳು. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಹೀಗಾಗಿ ಕೇಳಿ ತಿಳಿಯಲು ಮನೆಯಲ್ಲಿ ಯಾರೂ ಇರಲಿಲ್ಲ. ಬರೆಯಲು ಬೇಕಾದದ್ದು ಸಿಕ್ಕಿದ್ದು ಬೋಧನಾಭ್ಯಾಸದ ಹಾಜರಿ ಪುಸ್ತಕದಲ್ಲಿ.

ನನ್ನ ಊರು ರಾಯಚೂರು ಜಿಲ್ಲೆಯ ದೇವದುರ್ಗ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಇದೂ ಒಂದು. ಆದರೆ 'ಹಿಂದುಳಿದ ತಾಲ್ಲೂಕಿನವನು' ಎಂದು ಬರೆದರೆ ನಾನು ಏನನ್ನು ಓದಬೇಕೆಂದಿದ್ದೇನೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಒಂದು ಪ್ರಶ್ನೆ ಬೇಕು.

ನಾನು ಪಾಠ ಮಾಡಿದ ಎಂಟನೇ ತರಗತಿಯಲ್ಲಿ 41 ಮಕ್ಕಳಿದ್ದರು. ದೀಪಾವಳಿ ಕಳೆದ ಮೇಲೆ 11 ಮಕ್ಕಳು ವಾರಗಟ್ಟಲೆ ಬರಲಿಲ್ಲ. ಅವರಲ್ಲಿ 8 ಮಂದಿ ಹುಡುಗಿಯರು. ಪುಸ್ತಕದಲ್ಲಿ ಎಲ್ಲರಿಗೂ ಒಂದೇ ಗುರುತು, ಗೈರು. ಕಾರಣ ಕೇಳಿದಾಗ ಪಕ್ಕದ ಬೆಂಚಿನ ಹುಡುಗಿ ಹೇಳಿದಳು: "ಅವ್ರ ಅವ್ವ ಅಪ್ಪ ಬೆಂಗಳೂರಿಗೆ ದುಡಿಯಾಕ ಹೋಗ್ಯಾರ್ರಿ ಸರ. ಸಣ್ಣ ತಮ್ಮನ್ನ ಹಿಡ್ಕೊಳ್ಳಾಕ ಅಕಿನ್ನೂ ಕರ್ಕೊಂಡು ಹೋಗ್ಯಾರ."

ಇದು ನನಗೆ ಹೊಸದಲ್ಲ. ನಮ್ಮ ಓಣಿಯಲ್ಲಿ ಸುಗ್ಗಿ ಮುಗಿಯುವ ಹೊತ್ತಿಗೆ ಮೇಸ್ತ್ರಿ ಮುಂಗಡ ಕೊಡುತ್ತಾನೆ. ಮುಂಗಡ ತೀರಬೇಕಾದರೆ ಗಂಡ ಹೆಂಡತಿ ಇಬ್ಬರೂ ದುಡಿಯಬೇಕು. ಆಗ ಕೂಸನ್ನು ನೋಡಿಕೊಳ್ಳುವ ಕೆಲಸ ದೊಡ್ಡ ಮಗಳಿಗೆ ಬೀಳುತ್ತದೆ. ಗಂಡು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುವುದುಂಟು.

ಹಾಗಾದರೆ ಊರಿನಲ್ಲಿ ವಲಸೆ ಮಕ್ಕಳಿಗಾಗಿ ಹಾಸ್ಟೆಲ್ ತೆರೆದರೆ ಈ ಹುಡುಗಿ ಉಳಿಯುತ್ತಾಳೆಯೇ? ಹಾಸ್ಟೆಲಿನಲ್ಲಿ ಅವಳಿಗೆ ಊಟ, ಹಾಸಿಗೆ ಸಿಗುತ್ತದೆ, ಆದರೆ ಕೂಸನ್ನು ನೋಡಿಕೊಳ್ಳುವವರು ಸಿಗುವುದಿಲ್ಲ. ನರೇಗಾ ಕೂಲಿಗಾರರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳಿವೆ. ಅವು ಇರುವುದು ಊರಿನಲ್ಲಿ, ತಾಯಿ ಇರುವುದು ಬೆಂಗಳೂರಿನ ಕಟ್ಟಡದ ಬಳಿ. ಹುಡುಗಿಯನ್ನು ಶಾಲೆಯಲ್ಲಿ ಉಳಿಸುವುದು ಊರಿನ ಹಾಸ್ಟೆಲೋ, ಕೆಲಸದ ಸ್ಥಳದ ಶಿಶುಪಾಲನಾ ಕೇಂದ್ರವೋ? ನನ್ನ ಹೇಳಿಕೆಯ ನಡುವೆ ಇರುವುದು ಈ ಪ್ರಶ್ನೆಯೇ.

ಎಂ.ಎಡ್. ಬಿಟ್ಟು ಈ ಕೋರ್ಸನ್ನು ಆರಿಸಿದ್ದಕ್ಕೂ ಇದೇ ಕಾರಣ. ಪಾಠ ಯೋಜನೆ ಎಷ್ಟು ಚೆನ್ನಾಗಿದ್ದರೂ ತರಗತಿಯಲ್ಲಿ ಇಲ್ಲದ ಹುಡುಗಿಗೆ ಅದು ತಲುಪದು. ಅವಳ ಗೈರಿನ ಹಿಂದೆ ಸಾಲವಿದೆ, ಕೂಲಿಯಿದೆ, ಶಿಶುಪಾಲನೆಯಿದೆ. ಇವನ್ನು ಒಟ್ಟಿಗೆ ಓದಬೇಕು, ಮನೆಮನೆಯ ಸಮೀಕ್ಷೆ ಮಾಡುವ ಕ್ರಮವನ್ನೂ ಕಲಿಯಬೇಕು.

ಒಂದು ತರಗತಿಯ 11 ಮಕ್ಕಳನ್ನು ನೋಡಿ ಇಡೀ ತಾಲ್ಲೂಕಿನ ಬಗ್ಗೆ ತೀರ್ಪು ಕೊಡಲಾಗದು. ಅದನ್ನೂ ಹೇಳಿಕೆಯಲ್ಲಿ ಬರೆದಿದ್ದೇನೆ. ಓದು ಮುಗಿಸುವ ಹೊತ್ತಿಗೆ, ಹಾಜರಿ ಪುಸ್ತಕದ 'ಗೈರು' ಗುರುತಿನ ಪಕ್ಕದಲ್ಲಿ ಕಾರಣ, ಹೋದ ಊರು, ಮರಳುವ ತಿಂಗಳು ಬರೆಯುವ ಒಂದು ಸರಳ ನಮೂನೆಯನ್ನು ಹತ್ತು ಶಾಲೆಗಳಲ್ಲಿ ಪ್ರಯೋಗಿಸಿ ನೋಡಬೇಕೆಂಬುದು ನನ್ನ ಉದ್ದೇಶ.