ಮೂವತ್ತು ಸೆಕೆಂಡಿನಲ್ಲಿ ರಸ್ತೆ ದಾಟಿಸೋದು

ಹಳೇಬೀಡು ಕಡೆಯ ಶಾಲೆಯೊಂದರ ಮೇಷ್ಟ್ರು ನಮಗೆ ಒಂದು ಕೆಲಸ ಹೇಳಿದರು. ಮಕ್ಕಳಿಗೆ ಪ್ರಾರ್ಥನೆ ಹೊತ್ತಲ್ಲಿ ಮೈಕಿನಲ್ಲಿ ಕೇಳಿಸಲು, ಪೋಷಕರ ವಾಟ್ಸಾಪ್‌ಗೂ ಕಳಿಸಲು, ರಸ್ತೆ ಸುರಕ್ಷತೆ ಬಗ್ಗೆ ಮೂವತ್ತು ಸೆಕೆಂಡಿನ ಪ್ರಕಟಣೆ ಬರೆದುಕೊಡಿ ಅಂತ. ಜೊತೆಗೊಂದು ಚೀಟಿ ಕೊಟ್ಟರು. ಹೆಲ್ಮೆಟ್, ತ್ರಿಬಲ್ ರೈಡಿಂಗ್, ಮೊಬೈಲ್, ಸೈಕಲ್, ಎಲ್ಲ ಅದರಲ್ಲಿತ್ತು.

ನಾವು ಒಂದನ್ನೇ ಇಟ್ಟುಕೊಂಡೆವು. ಮೂವತ್ತು ಸೆಕೆಂಡಿಗೆ ಆರಾಮಾಗಿ ಓದಿದರೆ ಸುಮಾರು 60 ಪದ. ಸದ್ದುಗಳಿಗೆ ಜಾಗ ಬಿಟ್ಟರೆ 40 ಉಳಿದಾವು. ಅಷ್ಟರಲ್ಲಿ ನಾಲ್ಕು ಬುದ್ಧಿಮಾತು ತುರುಕಿದರೆ ಒಂದೂ ತಲೆಯಲ್ಲಿ ನಿಲ್ಲಲ್ಲ.

ಅರಸೀಕೆರೆ, ಜಾವಗಲ್, ಬೇಲೂರು ರಸ್ತೆಗಳಲ್ಲಿ ಸಂಜೆ ಬಸ್ ಇಳಿಯೋ ಮಕ್ಕಳನ್ನು ನೋಡಿ. ಇಳಿದ ಕೂಡಲೇ ಬಸ್ಸಿನ ಮುಂದಿಂದ ಓಡುತ್ತಾರೆ. ಬಸ್ಸನ್ನು ಓವರ್‌ಟೇಕ್ ಮಾಡೋ ಕಾರು ಮಗುವಿಗೆ ಕಾಣಲ್ಲ, ಮಗು ಕಾರಿನವನಿಗೆ ಕಾಣಲ್ಲ. ಗಂಟೆಗೆ 40 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತೆ, ಹೆಚ್ಚುಕಮ್ಮಿ ಒಂದು ಬಸ್ಸಿನ ಉದ್ದ. ಮಗುವನ್ನು ನೋಡಿ ಡ್ರೈವರ್ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಆ ದೂರ ಮುಗಿದಿರುತ್ತೆ. ಹಾಗಂತ ಬಸ್ಸಿನ ಹಿಂದಿಂದ ದಾಟಿದರೂ ಕಷ್ಟವೇ, ಆಗ ಎದುರಿಂದ ಬರೋ ಗಾಡಿ ಕಾಣಲ್ಲ. ಬಸ್ ಹೋಗೋವರೆಗೂ ನಿಲ್ಲೋದೊಂದೇ ದಾರಿ.

ಬರೆದದ್ದು ಹೀಗಿದೆ:

(ಬಸ್ ನಿಲ್ಲೋ ಸದ್ದು, ಕಂಡಕ್ಟರ್ ವಿಸಿಲ್: 4 ಸೆಕೆಂಡ್)
ತಮ್ಮ: ಅಕ್ಕಾ ಬಾ, ಬಸ್ ಮುಂದೆನೇ ದಾಟಣ!
ಅಕ್ಕ: ನಿಲ್ಲೋ! ಹಿಂದಿಂದ ಗಾಡಿ ಬಂದ್ರೆ ನಿಂಗೆ ಕಾಣುತ್ತಾ?
ತಮ್ಮ: ಇಲ್ಲ.
ಅಕ್ಕ: ಆ ಡ್ರೈವರ್‌ಗೆ ನೀನು ಕಾಣ್ತೀಯಾ?
(ಕಾರು ಹಾರ್ನ್ ಹೊಡೆದು ಪಕ್ಕದಲ್ಲೇ ಹಾದು ಹೋಗುತ್ತೆ: 3 ಸೆಕೆಂಡ್)
ಅಕ್ಕ: ಬಸ್ ಹೋಗ್ಲಿ.
(ಬಸ್ ಹೊರಟು ದೂರವಾಗುತ್ತೆ: 4 ಸೆಕೆಂಡ್)
ತಮ್ಮ: ಈಗ ಎರಡೂ ಕಡೆ ಕಾಣ್ತಿದೆ!
ದನಿ: ಬಸ್ ಇಳಿದ ಮೇಲೆ, ಬಸ್ ಹೋಗೋವರೆಗೂ ನಿಲ್ಲಿ. ಎರಡೂ ಕಡೆ ನೋಡಿ ದಾಟಿ.

ಒಬ್ಬರು ಅಪಘಾತದ ಸದ್ದು, ಆಂಬುಲೆನ್ಸ್ ಸದ್ದು ಹಾಕಿ ಅಂದರು. ನಾವು ಒಪ್ಪಲಿಲ್ಲ. ಅದಕ್ಕೇ ಐದಾರು ಸೆಕೆಂಡ್ ಹೋಗುತ್ತೆ. ಹುಡುಗರು ಮಧ್ಯಾಹ್ನದ ಊಟದ ಸಾಲಿನಲ್ಲಿ ಆ ಸದ್ದನ್ನೇ ಅಣಕಿಸುತ್ತಾರೆ, ಏನು ಮಾಡಬೇಕು ಅನ್ನೋದು ಮರೆತಿರುತ್ತಾರೆ. ಹಾದುಹೋಗೋ ಕಾರಿನ ಸದ್ದೇ ಸಾಕು. ಬಸ್ ಹೊರಡೋ ನಾಲ್ಕು ಸೆಕೆಂಡ್ ಮಾತ್ರ ಕತ್ತರಿಸಬೇಡಿ ಅಂತ ರೆಕಾರ್ಡ್ ಮಾಡೋ ಹುಡುಗನಿಗೆ ಹೇಳಿದ್ದೇವೆ, ಕೇಳೋ ಮಗು ಕಾಯೋದು ಅಲ್ಲೇ.

ಬಸ್ ಹೊರಡದೆ ಕೆಟ್ಟು ನಿಂತರೆ ಏನು ಮಾಡೋದು? ರಸ್ತೆ ಅಂಚಲ್ಲೇ ನಡೆದು, ಎರಡೂ ಕಡೆ ಚೆನ್ನಾಗಿ ಕಾಣೋ ಜಾಗಕ್ಕೆ ಹೋಗಿ ದಾಟಬೇಕು. ಅದಕ್ಕೆ ಮೂವತ್ತು ಸೆಕೆಂಡಿನಲ್ಲಿ ಜಾಗ ಇಲ್ಲ, ಮೇಷ್ಟ್ರೇ ತರಗತಿಯಲ್ಲಿ ಹೇಳಲಿ.

ಪರೀಕ್ಷೆ ಸುಲಭ. ಐದನೇ ಕ್ಲಾಸಿನ ಮಕ್ಕಳಿಗೆ ಒಮ್ಮೆ ಕೇಳಿಸಿ, ಏನು ಮಾಡಬೇಕು ಅಂತ ಕೇಳಿ. "ಹುಷಾರಾಗಿರಬೇಕು" ಅಂದರೆ ಮತ್ತೆ ಬರೆಯಬೇಕು. "ಬಸ್ ಹೋಗೋಗಂಟ ನಿಲ್ಬೇಕು" ಅಂದರೆ ಮೈಕಿಗೆ ಕೊಡಬಹುದು.